ನಮ್ಮ ಘಟಕದಲ್ಲೇ 126 ಜನರಿಗೆ ಆಹಾರ ಸುರಕ್ಷತೆ ತರಬೇತಿ: ದರಪಟ್ಟಿ ಕೋರಿ

ದಿನಾಂಕ: 18 ಆಗಸ್ಟ್ 2025

ಇವರಿಂದ:
ಗುಣಮಟ್ಟ ನಿಯಂತ್ರಣ ವಿಭಾಗ,
ಮೆಣಸಿನಕಾಯಿ ಸಂಸ್ಕರಣೆ ಮತ್ತು ಪುಡಿ ತಯಾರಿಕಾ ಘಟಕ,
ಮೋಟೆಬೆನ್ನೂರು ರಸ್ತೆ, ಬ್ಯಾಡಗಿ, ಹಾವೇರಿ ಜಿಲ್ಲೆ

ಇವರಿಗೆ:
ತರಬೇತಿ ಸಂಯೋಜಕರು,
ಆಹಾರ ಸುರಕ್ಷತೆ ತರಬೇತಿ ವಿಭಾಗ,
ಹುಬ್ಬಳ್ಳಿ

ಮಾನ್ಯರೇ,

ನಮಸ್ಕಾರ. ಕಳೆದ ವಾರ ಫೋನಿನಲ್ಲಿ ಮಾತಾಡಿದಾಗ, ಬೇಕಾದ್ದನ್ನೆಲ್ಲ ಬರೆದು ಕಳಿಸಿದರೆ ಅದಕ್ಕೆ ತಕ್ಕಂತೆ ಪಾಠ ಹೊಂದಿಸಿ ದರ ತಿಳಿಸುವುದಾಗಿ ತಾವು ಹೇಳಿದ್ದಿರಿ. ಅದರಂತೆ ಈ ಪತ್ರ. ಸ್ವಲ್ಪ ಉದ್ದವಾಗಿದೆ, ಆದರೂ ಪೂರ್ತಿ ಓದಿಯೇ ದರಪಟ್ಟಿ ಸಿದ್ಧಪಡಿಸಬೇಕೆಂದು ಕೋರುತ್ತೇನೆ. ತಮ್ಮ ಕೈಪಿಡಿಯಲ್ಲಿರುವ ಒಂದು ದಿನದ ಸಾಮಾನ್ಯ ಶಿಬಿರ ಒಳ್ಳೆಯದೇ. ಆದರೆ ಹೋಟೆಲಿಗೂ ಬೇಕರಿಗೂ ಮೆಣಸಿನಕಾಯಿ ಗಿರಣಿಗೂ ಒಂದೇ ಪಾಠ ಸಾಲುವುದಿಲ್ಲ.

ನಮ್ಮಲ್ಲಿ ನಡೆಯುವ ಕೆಲಸ ಇಷ್ಟು: ಎಪಿಎಂಸಿ ಟೆಂಡರಿನಲ್ಲಿ ಡಬ್ಬಿ, ಕಡ್ಡಿ ತಳಿಯ ಕಾಯಿ ಕೊಳ್ಳುತ್ತೇವೆ, ಶೀತಲಗೃಹದಲ್ಲಿ ಇಡುತ್ತೇವೆ, ತುಂಬು, ಅಂದರೆ ತೊಟ್ಟು, ಬಿಡಿಸಿ ಆಯಿಸುತ್ತೇವೆ, ಬೀಸಿ ಪ್ಯಾಕ್ ಮಾಡುತ್ತೇವೆ. ಪುಡಿಯ ಒಂದು ಭಾಗ ರಫ್ತುದಾರರೊಬ್ಬರಿಗೆ ಹೋಗುತ್ತದೆ. ಅವರ ಆಡಿಟ್ ಬರುವ ಫೆಬ್ರವರಿಯಲ್ಲಿದೆ. ಆಡಿಟ್ ಇರದಿದ್ದರೂ ಈ ತರಬೇತಿ ನಮಗೆ ಬೇಕಿತ್ತು. 2011ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ಪಡೆದ ಕಾಯಿಯ ಹೆಸರನ್ನು ಪೊಟ್ಟಣದ ಮೇಲೆ ಹಾಕಿ ಮಾರುತ್ತಿದ್ದೇವೆ. ಆ ಹೆಸರು ಈ ಸೀಮೆಯ ರೈತರದ್ದು. ಅದಕ್ಕೆ ಕುಂದು ಬರುವ ಮಾಲು ನಮ್ಮ ಗೇಟು ದಾಟಬಾರದು.

ಯಾರಿಗೆ ತರಬೇತಿ

ಒಟ್ಟು 126 ಜನ, ಮೂರು ಗುಂಪು.

ಮೊದಲ ಗುಂಪು ತುಂಬು ಬಿಡಿಸುವ, ಕಾಯಿ ಆಯುವ 72 ಹೆಣ್ಣುಮಕ್ಕಳು. ಬಹುತೇಕರು ಸುತ್ತಲಿನ ಹಳ್ಳಿಗಳಿಂದ ಬರುವವರು. ಕೆಲವರಿಗೆ ಓದು ಬರುವುದಿಲ್ಲ. ಕೆಲವರ ಮನೆಮಾತು ಲಂಬಾಣಿ ಅಥವಾ ಉರ್ದು, ಆದರೆ ಕನ್ನಡ ಎಲ್ಲರಿಗೂ ತಿಳಿಯುತ್ತದೆ. 24 ಜನರ ಮೂರು ತಂಡ ಮಾಡಿ, ಪ್ರತಿ ತಂಡಕ್ಕೂ ಎರಡು ಬೇರೆ ಬೇರೆ ದಿನ ಎರಡೂವರೆ ತಾಸಿನ ಪಾಠ ಸಾಕು. ಒಂದೇ ದಿನ ಐದು ತಾಸು ಕೂರಿಸಬೇಡಿ. ಇವರು ಕೆಜಿ ಲೆಕ್ಕದಲ್ಲಿ ದುಡಿಯುವವರು, ಪಾಠಕ್ಕೆ ಕೂತ ಹೊತ್ತಿನ ಕೂಲಿ ತಪ್ಪಬಾರದು. ಆ ಹೊತ್ತಿಗೆ ಅವರವರ ಸರಾಸರಿ ದುಡಿಮೆಯಷ್ಟು ಕೂಲಿ ಕೊಡಲು ಮಾಲೀಕರು ಒಪ್ಪಿದ್ದಾರೆ. ಅದು ನಮ್ಮ ಖರ್ಚು, ತಮ್ಮ ದರಪಟ್ಟಿಗೆ ಸೇರುವುದಿಲ್ಲ.

ಎರಡನೆಯದು ಗಿರಣಿ, ಪ್ಯಾಕಿಂಗ್, ಗೋದಾಮು, ಹಮಾಲಿ ಮತ್ತು ಯಂತ್ರ ದುರಸ್ತಿಯ 38 ಜನ. 19 ಜನರ ಎರಡು ತಂಡ, ತಂಡಕ್ಕೆ ಮೂರು ತಾಸಿನ ಎರಡು ಪಾಠ.

ಮೂರನೆಯದರಲ್ಲಿ 16 ಜನ: ಮೇಲ್ವಿಚಾರಕರು 9, ಲ್ಯಾಬಿನವರು 4, ಮಾರುಕಟ್ಟೆಗೆ ಹೋಗಿ ಖರೀದಿ ಮಾಡುವವರು 3. ಇವರಿಗೆ ಎರಡು ಪೂರ್ಣ ದಿನ ಬೇಕು. 25 ಆಹಾರ ನಿರ್ವಾಹಕರಿಗೆ ಒಬ್ಬರಂತೆ ತರಬೇತಿ ಪಡೆದ ಆಹಾರ ಸುರಕ್ಷತಾ ಮೇಲ್ವಿಚಾರಕರು ಇರಬೇಕೆಂದು ಎಫ್‌ಎಸ್‌ಎಸ್‌ಎಐ ಹೇಳುತ್ತದೆ. ನಮ್ಮ ಲೆಕ್ಕಕ್ಕೆ ಆರು ಜನ ಬೇಕು, ಈಗಿರುವುದು ಮೂವರು. ಪಾಳಿ ಬದಲಾದಾಗಲೂ ಕೊರತೆಯಾಗದಿರಲಿ ಎಂದು ಈ ಗುಂಪಿನಲ್ಲಿ ಎಂಟು ಜನರಿಗೆ ಫಾಸ್ಟ್ಯಾಕ್ ಪ್ರಮಾಣಪತ್ರ ಕೊಡಿಸುವ ವಿಚಾರವಿದೆ. ತಾವೇ ಮಾನ್ಯತೆ ಪಡೆದ ತರಬೇತಿ ಪಾಲುದಾರರೋ, ಇನ್ನೊಬ್ಬರ ಮೂಲಕ ಮಾಡಿಸುವಿರೋ ತಿಳಿಸಿ. ಪ್ರಮಾಣಪತ್ರದ ಶುಲ್ಕವನ್ನು ಬೇರೆಯಾಗಿಯೇ ತೋರಿಸಿ.

ಏನು ಸಾಧಿಸಬೇಕು

ಎಲ್ಲಕ್ಕಿಂತ ಮೊದಲು ತೇವ ಮತ್ತು ಬೂಸ್ಟು. ಖರೀದಿಗೆ ಹೋಗುವವರು ಇಂದಿಗೂ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಬೀಜದ ಸಪ್ಪಳ ಕೇಳಿ ಒಣಗಿದೆಯೋ ಇಲ್ಲವೋ ಹೇಳುತ್ತಾರೆ. ಅವರ ಅನುಭವದ ಬಗ್ಗೆ ನನಗೆ ಗೌರವವಿದೆ, ಅದನ್ನು ಹಳಿಯುವ ಪಾಠ ಬೇಡ. ಆದರೆ ಶೇ. 11ಕ್ಕೂ ಶೇ. 14ಕ್ಕೂ ಇರುವ ಅಂತರ ಕಿವಿಗೆ ಕೇಳಿಸುವುದಿಲ್ಲ, ತೇವಮಾಪಕಕ್ಕೆ ಕಾಣುತ್ತದೆ. ನಮ್ಮ ಗೋದಾಮಿಗೆ ಶೇ. 11 ಮೀರಿದ ಲಾಟು ಬರಕೂಡದು. ಬಂದರೆ ಮತ್ತೆ ಒಣಗಿಸಿಯೇ ಒಳಗೆ ಹೋಗಬೇಕು. ಯಾರು ಅಳೆಯಬೇಕು, ಎಷ್ಟು ಚೀಲದಿಂದ ತೆಗೆದು ಅಳೆಯಬೇಕು, ಮೀರಿದ್ದರೆ ಯಾರಿಗೆ ಹೇಳಬೇಕು ಎನ್ನುವುದು ಪಾಠ ಮುಗಿದಾಗ 16 ಜನರಿಗೂ ಬಾಯಿಪಾಠವಾಗಿರಬೇಕು.

ಇದಕ್ಕೇ ಹೊಂದಿದ್ದು ನೀರು ಚಿಮುಕಿಸುವ ಅಭ್ಯಾಸ. ಕಾಯಿ ತೀರ ಗರಿಗರಿಯಾಗಿದ್ದರೆ ತುಂಬು ಬಿಡಿಸುವಾಗ ಪುಡಿಯಾಗುತ್ತದೆ, ಘಾಟು ಏಳುತ್ತದೆ. ಆಗ ಸ್ವಲ್ಪ ನೀರು ಚಿಮುಕಿಸಿದರೆ ಕೆಲಸ ಸಲೀಸು, ಕೆಜಿ ಲೆಕ್ಕದ ಕೂಲಿಯೂ ಹೆಚ್ಚು. ಹೀಗಾಗಿ ‘ಮಾಡಬೇಡಿ’ ಎಂದು ಹೇಳಿಬಿಟ್ಟರೆ ನಿಲ್ಲುವ ಅಭ್ಯಾಸ ಇದಲ್ಲ. ಆ ನೀರು ಆರದೆ ಚೀಲ ಸೇರಿದರೆ ಒಳಗೆ ಬೂಸ್ಟು ಬೆಳೆಯುತ್ತದೆ, ಕೆಲವು ಬೂಸ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತವೆ, ಬೀಸಿದರೂ ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಈ ಸರಪಳಿಯನ್ನು ಆ ಹೆಣ್ಣುಮಕ್ಕಳಿಗೆ ಕಣ್ಣಾರೆ ತೋರಿಸಬೇಕು. ಹೊರಗೆ ಕೆಂಪಗೆ ಚೆಂದವಾಗಿದ್ದು ಸೀಳಿದರೆ ಒಳಗೆ ಬೂದಿ ಬಣ್ಣದ ಬೂಸ್ಟು ಹಿಡಿದ ಕಾಯಿಗಳನ್ನು ನಾವೇ ತೆಗೆದಿಟ್ಟು ಕೊಡುತ್ತೇವೆ, ಪಾಠ ಅವನ್ನಿಟ್ಟುಕೊಂಡೇ ನಡೆಯಲಿ. ನೀರಿಗೆ ಬದಲು ಏನು ಮಾಡಬಹುದು, ಚಿಮುಕಿಸಲೇಬೇಕಾದರೆ ಎಷ್ಟು, ಆಮೇಲೆ ಎಷ್ಟು ಹೊತ್ತು ಹರವಬೇಕು ಎನ್ನುವುದಕ್ಕೂ ತಮ್ಮ ತಜ್ಞರ ಉತ್ತರ ಬೇಕು.

ಲ್ಯಾಬಿನವರಿಗೆ ಮಾದರಿ ತೆಗೆಯುವ ಕ್ರಮವನ್ನು ಬಿಡಿಸಿ ಹೇಳಬೇಕು. ಒಣಮೆಣಸಿನಕಾಯಿಗೆ ಯುರೋಪ್ ಒಕ್ಕೂಟದ ಮಿತಿ ಕೆಜಿಗೆ ಅಫ್ಲಾಟಾಕ್ಸಿನ್ ಬಿ1 5 ಮೈಕ್ರೋಗ್ರಾಂ, ಎಲ್ಲ ಸೇರಿ 10 ಮೈಕ್ರೋಗ್ರಾಂ. ವಿಷ ಲಾಟಿನ ತುಂಬ ಸಮನಾಗಿ ಹರಡಿರುವುದಿಲ್ಲ. ಒಂದು ಚೀಲದಲ್ಲಿ ಕಾಣದ್ದು ಪಕ್ಕದ ಚೀಲದಲ್ಲಿ ಸಿಗುತ್ತದೆ. ಮೇಲಿನ ಎರಡು ಚೀಲದಿಂದ ಹಿಡಿ ಕಾಯಿ ತೆಗೆದು ಪರೀಕ್ಷೆಗೆ ಕಳಿಸಿದರೆ ಆ ವರದಿಗೆ ಬೆಲೆಯಿಲ್ಲ ಎಂಬುದು ಅವರ ಮನಸ್ಸಿಗೆ ನಾಟಬೇಕು.

ಎರಡನೆಯ ವಿಷಯ ಸೂಕ್ಷ್ಮವಾದದ್ದು, ಅದಕ್ಕೇ ಮೊದಲೇ ಬರೆಯುತ್ತಿದ್ದೇನೆ. ಆಹಾರ ಘಟಕದಲ್ಲಿ ಬಳೆ, ಉಂಗುರ, ತಾಳಿ ಯಾವುದೂ ಹೊರಗೆ ಕಾಣಬಾರದು ಎನ್ನುವುದು ಪುಸ್ತಕದ ನಿಯಮ. ಗಾಜಿನ ಬಳೆಯ ಚೂರು ಪುಡಿಗೆ ಬಿದ್ದರೆ ಆಗುವ ಅನಾಹುತ ನನಗೆ ಗೊತ್ತು, ಗಿರಣಿಯ ಅಯಸ್ಕಾಂತ ಗಾಜನ್ನು ಹಿಡಿಯುವುದಿಲ್ಲ. ಹಾಗೆಂದು ಮುತ್ತೈದೆಯರಿಗೆ ಬಳೆ ತೆಗೆದಿಟ್ಟು ಒಳಗೆ ಬನ್ನಿ ಎಂದರೆ ಅವರು ಕೆಲಸ ಬಿಟ್ಟು ಹೋಗುತ್ತಾರೆ. ಹಾಗೆ ಹೇಳುವುದು ಸರಿಯೂ ಅಲ್ಲ. ಮಣಿಕಟ್ಟಿನಲ್ಲಿ ಇಲಾಸ್ಟಿಕ್ ಇರುವ ತುಂಬುತೋಳಿನ ಅಂಗಿ, ಕುತ್ತಿಗೆ ಮುಚ್ಚುವ ಏಪ್ರನ್, ಕೂದಲು ಪೂರ್ತಿ ಮುಚ್ಚುವ ಟೋಪಿ ಹೊಲಿಸಲು ತಯಾರಿದ್ದೇವೆ. ಬಳೆ ಅಂಗಿಯೊಳಗೇ ಇರಲಿ. ಇದನ್ನು ವಿವರಿಸಲು ಹೆಣ್ಣುಮಗಳೊಬ್ಬರು ತರಬೇತುದಾರರಾಗಿ ಬಂದರೆ ಉತ್ತಮ. ಮೊದಲ ಗುಂಪಿನ ಪಾಠಗಳಿಗೆ ಇದನ್ನು ಕಡ್ಡಾಯ ಶರತ್ತು ಎಂದೇ ತಿಳಿಯಿರಿ.

ಕೈ ಉರಿ, ಕೆಮ್ಮಿನ ವಿಷಯ ಆಹಾರ ಸುರಕ್ಷತೆಯ ಪಠ್ಯದಲ್ಲಿ ಇರುವುದಿಲ್ಲ. ನಮ್ಮ ಪಾಠದಲ್ಲಿ ಇರಲೇಬೇಕು. ಖಾರದ ಅಂಶ ಬರೀ ನೀರಿಗೆ ಹೋಗುವುದಿಲ್ಲ, ಎಣ್ಣೆಗೆ ಕರಗುತ್ತದೆ. ಮೊದಲು ಎಣ್ಣೆ ಸವರಿ ಆಮೇಲೆ ಸೋಪಿನಿಂದ ತೊಳೆಯುವ ಕ್ರಮ, ಕೈಗವಸು ಯಾವುದು ಒಳ್ಳೆಯದು, ಮಾಸ್ಕು ಎಷ್ಟು ಹೊತ್ತಿಗೊಮ್ಮೆ ಬದಲಿಸಬೇಕು ಎಂದು ಹೇಳಿಕೊಡಿ. ಸಂಜೆ ಮನೆಗೆ ಹೋಗಿ ಕೂಸು ಎತ್ತಿಕೊಳ್ಳುವ ಕೈಗಳು ಅವು. ನಮ್ಮ ಆರೋಗ್ಯದ ಬಗ್ಗೆಯೂ ಇವರಿಗೆ ಕಾಳಜಿ ಇದೆ ಎಂದು ತಿಳಿದರೆ ಉಳಿದ ಮಾತನ್ನೂ ಮನಸ್ಸಿಟ್ಟು ಕೇಳುತ್ತಾರೆ.

ಎರಡನೇ ಗುಂಪಿಗೆ ಲಾಟು ನಂಬರು ತಪ್ಪದಂತೆ ಬರೆಯುವುದು, ಯಂತ್ರ ಸ್ವಚ್ಛತೆ, ಇಲಿ–ಹುಳು ನಿಯಂತ್ರಣ, ಅಯಸ್ಕಾಂತ ಮತ್ತು ಜರಡಿಯ ತಪಾಸಣೆ ಸಾಕು. ಮೂರನೇ ಗುಂಪಿಗೆ ಹ್ಯಾಸಪ್‌ನ ಏಳು ತತ್ವಗಳನ್ನು ನಮ್ಮದೇ ಪ್ರಕ್ರಿಯಾ ನಕ್ಷೆಯ ಮೇಲೆ ಕಲಿಸಿ. ಕೊನೆಗೆ ಒಂದು ಪೊಟ್ಟಣ ಕೈಗೆ ಕೊಟ್ಟರೆ, ಅದು ಯಾವ ಲಾಟಿನದು, ಅದೇ ಲಾಟಿನ ಉಳಿದ ಮಾಲು ಎಲ್ಲೆಲ್ಲಿ ಹೋಗಿದೆ ಎಂದು ನಾಲ್ಕು ತಾಸಿನೊಳಗೆ ದಾಖಲೆ ಸಮೇತ ತೋರಿಸುವಂತಾಗಬೇಕು.

ಯಾವಾಗ, ಹೇಗೆ

ಗೋವಿನಜೋಳದ ಸುಗ್ಗಿ ಮುಗಿಯುವವರೆಗೆ ಹೆಣ್ಣುಮಕ್ಕಳು ಹೊಲದಲ್ಲಿರುತ್ತಾರೆ. ಜನವರಿಯಿಂದ ಮಾರುಕಟ್ಟೆಗೆ ಆವಕ ಜೋರಾಗುತ್ತದೆ, ಆಗ ಯಾರಿಗೂ ಉಸಿರಾಡಲು ಪುರುಸೊತ್ತಿಲ್ಲ. ಆದ್ದರಿಂದ ನವೆಂಬರ್ 15ರಿಂದ ಡಿಸೆಂಬರ್ 15ರೊಳಗೆ ಎಲ್ಲ ಪಾಠ ಮುಗಿಯಬೇಕು. ಸೋಮವಾರ, ಗುರುವಾರ ಮಾರುಕಟ್ಟೆಯ ದಿನ, ಆ ಎರಡು ದಿನ ಬೇಡ. ದಿನಕ್ಕೆ ಎರಡು ಅರ್ಧದಿನದ ಪಾಠ ಹಿಡಿದರೆ ಮೊದಲೆರಡು ಗುಂಪಿಗೆ ಐದು ದಿನ, ಮೂರನೆಯದಕ್ಕೆ ಎರಡು ದಿನ. ಮೊದಲು ಒಂದು ದಿನ ಘಟಕ ನೋಡಿ ಹೋಗುವುದು, ಜನವರಿ ಕೊನೆಯಲ್ಲಿ ಕೆಲಸ ನಡೆಯುವಾಗಲೇ ಬಂದು ಕಲಿತದ್ದು ಉಳಿದಿದೆಯೇ ಎಂದು ಒಂದು ದಿನ ಪರೀಕ್ಷಿಸುವುದು. ಒಟ್ಟು ಒಂಬತ್ತು ದಿನ. ಈ ಕೊನೆಯ ಭೇಟಿಯನ್ನು ದಯವಿಟ್ಟು ಕೈಬಿಡಬೇಡಿ. ಆಡಿಟ್‌ಗಿಂತ ಮೊದಲು ಕೊರತೆ ತಿಳಿಯುವುದು ಅದರಿಂದಲೇ.

ಪಾಠ ಕನ್ನಡದಲ್ಲಿ, ಸಾಧ್ಯವಾದಷ್ಟೂ ನಮ್ಮ ಕಡೆಯ ಮಾತಿನಲ್ಲಿ ಇರಲಿ. ಪರದೆಯ ಮೇಲೆ ಇಂಗ್ಲಿಷ್ ಸಾಲು ಓದಿ ಹೇಳುವ ತರಬೇತಿ ಹಿಂದೊಮ್ಮೆ ನಡೆದಿತ್ತು. ಹಾಜರಿ ಪುಸ್ತಕ ತುಂಬಿತು, ಅಭ್ಯಾಸ ಬದಲಾಗಲಿಲ್ಲ. ಓದು ಬಾರದವರ ಪರೀಕ್ಷೆ ಬಾಯಿಮಾತಿನಲ್ಲಿ, ಕೈಯಲ್ಲಿ ಕಾಯಿ ಕೊಟ್ಟು ನಡೆಯಲಿ. ಗೋಡೆಗೆ ಹಚ್ಚಲು ಚಿತ್ರವಿರುವ ಆರು ಪೋಸ್ಟರು ಬೇಕು. ಕೊಠಡಿ, ಪರದೆ, ಚಹಾ, ಊಟ ನಮ್ಮದು.

ಬಜೆಟ್

ಈ ಒಂಬತ್ತು ದಿನಕ್ಕೆ, ಸಾಮಗ್ರಿ ಮತ್ತು ಪ್ರಯಾಣ ಸೇರಿ, ಜಿಎಸ್‌ಟಿ ಹೊರತುಪಡಿಸಿ 1.80 ಲಕ್ಷದಿಂದ 2.40 ಲಕ್ಷ ರೂಪಾಯಿವರೆಗೆ ಮಂಜೂರಾಗಿದೆ. ಫಾಸ್ಟ್ಯಾಕ್ ಶುಲ್ಕ ಇದರಲ್ಲಿ ಸೇರಿಲ್ಲ. ಮಿತಿ ಮೊದಲೇ ಹೇಳಿದರೆ ಎಲ್ಲರೂ ಮೇಲಿನ ಅಂಕಿಯನ್ನೇ ಬರೆಯುತ್ತಾರೆ ಎಂದು ನಮ್ಮ ಲೆಕ್ಕಪತ್ರ ವಿಭಾಗದವರು ಎಚ್ಚರಿಸಿದರು. ಆದರೂ ತಿಳಿಸುತ್ತಿದ್ದೇನೆ, ಏಕೆಂದರೆ ಈ ಹಣದಲ್ಲಿ ಆಗದ್ದನ್ನು ತಾವು ಈಗಲೇ ನೇರವಾಗಿ ಹೇಳುವುದು ಇಬ್ಬರಿಗೂ ಒಳ್ಳೆಯದು. ಹಣ ಸಾಲದಿದ್ದರೆ ಎರಡನೇ ಗುಂಪಿನ ಪಾಠವನ್ನು ತಲಾ ಒಂದಕ್ಕೆ ಇಳಿಸಬಹುದು. ಮೊದಲ ಗುಂಪಿನದನ್ನು ಇಳಿಸಲಾಗದು.

ದರವನ್ನು ಒಟ್ಟು ಮೊತ್ತವಾಗಿ ಕೊಡದೆ ಘಟಕ ಭೇಟಿ, ಪ್ರತಿ ಗುಂಪಿನ ಪಾಠ, ಸಾಮಗ್ರಿ, ಪ್ರಯಾಣ–ವಸತಿ, ಕೊನೆಯ ಪರಿಶೀಲನೆ ಎಂದು ಬಿಡಿಸಿ ಕೊಡಿ. ಯಾರು ಪಾಠ ಮಾಡುತ್ತಾರೆ, ಮಸಾಲೆ ಘಟಕಗಳಲ್ಲಿ ಅವರ ಅನುಭವವೇನು ಎಂಬ ವಿವರ, ಅವರೇ ಬರುತ್ತಾರೆ ಎಂಬ ಖಾತ್ರಿಯೂ ಬೇಕು. ಹಣ ಪಾವತಿ: ಕೆಲಸದ ಆದೇಶದೊಂದಿಗೆ ಶೇ. 30, ಪಾಠಗಳು ಮುಗಿದಾಗ ಶೇ. 40, ಜನವರಿಯ ಪರಿಶೀಲನೆಯ ವರದಿ ಬಂದ ಮೇಲೆ ಶೇ. 30. ನಿಯಮದಂತೆ ಟಿಡಿಎಸ್ ಕಡಿತವಾಗುತ್ತದೆ. ದರ 60 ದಿನ ಊರ್ಜಿತವಿರಲಿ.

ದರ ಬರೆಯುವ ಮುನ್ನ ಒಮ್ಮೆ ಘಟಕ ನೋಡಬೇಕೆನಿಸಿದರೆ ಸೆಪ್ಟೆಂಬರ್ 2 ಅಥವಾ 3ರಂದು ಬನ್ನಿ. ರೈಲಿನಲ್ಲಿ ಬಂದರೆ ಬ್ಯಾಡಗಿ ನಿಲ್ದಾಣಕ್ಕೆ ಗಾಡಿ ಕಳಿಸುತ್ತೇವೆ. ದರಪಟ್ಟಿ ಸೆಪ್ಟೆಂಬರ್ 12ರೊಳಗೆ ಇದೇ ಇಮೇಲ್‌ಗೆ ತಲುಪಲಿ. ಸೆಪ್ಟೆಂಬರ್ 26ರೊಳಗೆ ನಮ್ಮ ನಿರ್ಧಾರ ತಿಳಿಸುತ್ತೇವೆ. ಒಪ್ಪಿಗೆ ಆಗದಿದ್ದರೂ ಕಾರಣ ಬರೆದು ತಿಳಿಸುತ್ತೇವೆ.

ಪ್ರಕ್ರಿಯಾ ನಕ್ಷೆ, ಘಟಕದ ನೀಲಿನಕ್ಷೆ ಮತ್ತು ಪಾಳಿ ಪಟ್ಟಿಯನ್ನು ಜೊತೆಗೆ ಲಗತ್ತಿಸಿದ್ದೇನೆ. ಅವು ತಮ್ಮಲ್ಲೇ ಇರಲಿ, ಬೇರೆಯವರಿಗೆ ಕೊಡಬೇಡಿ.

ಇಂತಿ ತಮ್ಮ ವಿಶ್ವಾಸಿ,

ಮುಖ್ಯಸ್ಥೆ, ಗುಣಮಟ್ಟ ನಿಯಂತ್ರಣ ವಿಭಾಗ
ಪ್ರತಿ: ಮಾಲೀಕರು, ಲೆಕ್ಕಪತ್ರ ವಿಭಾಗ