ಟೈಪ್ ಸಿ ಎಂದರೆ ವೇಗವಲ್ಲ: ಯುಎಸ್‌ಬಿ ಕೇಬಲ್ ಕೊಳ್ಳುವವರಿಗೆ

ಟೈಪ್ ಎ, ಮೈಕ್ರೋ ಬಿ, ಟೈಪ್ ಸಿ ಎಂಬವು ಪ್ಲಗ್ಗಿನ ಆಕಾರದ ಹೆಸರುಗಳು, ಯುಎಸ್‌ಬಿ 2.0, ಯುಎಸ್‌ಬಿ 3.2 ಎಂಬವು ದತ್ತಾಂಶ ಹರಿಯುವ ವಿಧಾನದ ಹೆಸರುಗಳು. ಇವೆರಡೂ ಬೇರೆ ಬೇರೆ. ಹೇಗೆ ತಿರುಗಿಸಿದರೂ ಕೂರುವ, 24 ಪಿನ್‌ಗಳಿಗೆ ಜಾಗವಿರುವ ಟೈಪ್ ಸಿ ಪ್ಲಗ್ಗಿನೊಳಗೆ ಅಷ್ಟೂ ಪಿನ್‌ಗಳಿಗೆ ತಂತಿ ಜೋಡಿಸಲೇಬೇಕೆಂಬ ನಿಯಮವಿಲ್ಲ. ಫೋನಿನ ಜೊತೆ ಬರುವ ಬಹುತೇಕ ಚಾರ್ಜಿಂಗ್ ಕೇಬಲ್‌ಗಳಲ್ಲಿ ಯುಎಸ್‌ಬಿ 2.0ಕ್ಕೆ ಬೇಕಾದಷ್ಟೇ ತಂತಿಗಳಿರುವುದರಿಂದ ಅವುಗಳ ಗರಿಷ್ಠ ವೇಗ ಸೆಕೆಂಡಿಗೆ 480 ಮೆಗಾಬಿಟ್ ಮಾತ್ರ.

2023ರ ಐಫೋನ್ 15 ಇದಕ್ಕೆ ಸ್ಪಷ್ಟ ಉದಾಹರಣೆ. ಅದರ ಟೈಪ್ ಸಿ ಪೋರ್ಟ್ 480 ಮೆಗಾಬಿಟ್‌ಗೆ ಸೀಮಿತವಾಗಿದ್ದರೆ, ನೋಡಲು ಅದೇ ಆಕಾರದಲ್ಲಿರುವ 15 ಪ್ರೊ ಪೋರ್ಟ್ 10 ಗಿಗಾಬಿಟ್‌ವರೆಗೆ ಹೋಗುತ್ತದೆ. ಆದರೆ ಪ್ರೊ ಜೊತೆಗೆ ಬರುವ ಕೇಬಲ್ ಕೂಡ ಯುಎಸ್‌ಬಿ 2.0 ಆಗಿದ್ದು, ಆ ವೇಗ ಬೇಕಿದ್ದವರು ಬೇರೆ ಕೇಬಲ್ ಕೊಳ್ಳಬೇಕು.

ಹೆಸರುಗಳ ಗೊಂದಲಕ್ಕೆ ಗ್ರಾಹಕರು ಹೊಣೆಯಲ್ಲ. 2008ರಲ್ಲಿ ಯುಎಸ್‌ಬಿ 3.0 ಎಂದು ಬಂದ 5 ಗಿಗಾಬಿಟ್ ವೇಗವನ್ನೇ ಮುಂದೆ 3.1 ಜೆನ್ 1 ಎಂದೂ, ಬಳಿಕ 3.2 ಜೆನ್ 1 ಎಂದೂ ಕರೆಯಲಾಯಿತು. ಆದ್ದರಿಂದ ಪೆಟ್ಟಿಗೆಯ ಮೇಲೆ ‘3.2’ ಎಂದಷ್ಟೇ ಇದ್ದರೆ ನಂಬದೆ, 5Gbps, 10Gbps ಅಥವಾ 20Gbps ಎಂಬ ಅಂಕಿಯನ್ನು ಹುಡುಕಿರಿ.

ವ್ಯಾಟ್ ಮತ್ತೊಂದು ಲೆಕ್ಕ: 240 ವ್ಯಾಟ್ ಚಾರ್ಜಿಂಗ್ ತಾಳಿಕೊಳ್ಳುವ ಕೇಬಲ್ ಸಹ ದತ್ತಾಂಶದ ವಿಷಯದಲ್ಲಿ 480 ಮೆಗಾಬಿಟ್ಟಿನದ್ದೇ ಆಗಿರಬಹುದು. ಹೊರಗಿನ ಎಸ್‌ಎಸ್‌ಡಿಗೆ ಫೈಲ್ ನಕಲಿಸುವಾಗ ವೇಗ ಸೆಕೆಂಡಿಗೆ 40 ಮೆಗಾಬೈಟ್ ಆಸುಪಾಸಿನಲ್ಲೇ, ಅಂದರೆ ಯುಎಸ್‌ಬಿ 2.0 ಮಟ್ಟದಲ್ಲೇ ನಿಂತರೆ, ಎಸ್‌ಎಸ್‌ಡಿಯನ್ನು ದೂರುವ ಮೊದಲು ಕೇಬಲ್ ಬದಲಿಸಿ ನೋಡಿರಿ.