ಪಾಠ 4: ತಾವೋ – ಸವೆಯದ ಚಾಕು, ಸುಳಿಯೊಳಗಿನ ಈಜು

ಡಿಂಗ್ ಒಬ್ಬ ಅಡುಗೆಯವನು. ಚೀನಾದ ದೊರೆಯೊಬ್ಬನ ಮುಂದೆ ಎತ್ತಿನ ಮಾಂಸ ಬಿಡಿಸುತ್ತಿದ್ದಾನೆ. ಭುಜ ಒರಗಿಸುತ್ತಾನೆ, ಮೊಣಕಾಲು ಒತ್ತುತ್ತಾನೆ, ಚಾಕು ಆಡಿಸುತ್ತಾನೆ. ಆ ಸದ್ದು ಕುಣಿತದ ತಾಳದ ಹಾಗಿದೆ. ದೊರೆಗೆ ಬೆರಗು.

"ಸಾಧಾರಣ ಅಡುಗೆಯವನು ತಿಂಗಳಿಗೊಂದು ಚಾಕು ಬದಲಿಸುತ್ತಾನೆ, ಕಡಿಯುತ್ತಾನಲ್ಲ, ಅದಕ್ಕೆ. ಒಳ್ಳೆಯವನಿಗೆ ವರ್ಷಕ್ಕೊಂದು ಸಾಕು. ನನ್ನದಕ್ಕೆ 19 ವರ್ಷ. ಸಾವಿರಾರು ಎತ್ತು ಬಿಡಿಸಿದ್ದೇನೆ, ಅಲಗು ಈಗಷ್ಟೇ ಸಾಣೆ ಹಿಡಿದ ಹಾಗಿದೆ. ಕೀಲಿನಲ್ಲಿ ಸಂದು ಇರುತ್ತದೆ, ಅಲಗು ತೆಳು. ಅದು ಓಡಾಡೋಕೆ ಬೇಕಾದಷ್ಟು ಜಾಗ ಇದೆ" ಎನ್ನುತ್ತಾನೆ ಡಿಂಗ್.

ಈ ಕಥೆ ಇರುವುದು ಕ್ರಿಸ್ತಪೂರ್ವ 4ನೇ ಶತಮಾನದ ಜುವಾಂಗ್‌ಜಿ ಹೆಸರಿನ ಗ್ರಂಥದಲ್ಲಿ. ತಾವೋ ಎಂದರೆ ದಾರಿ, ಲೋಕ ತಾನಾಗಿ ನಡೆಯುವ ರೀತಿ. ಅದಕ್ಕೆ ಎದುರು ಬೀಳದೆ ಮಾಡುವ ಕೆಲಸವೇ 'ವೂ ವೇ'. ಪದದ ಅರ್ಥ 'ಮಾಡದಿರುವುದು'. ಹಾಗಂತ ಸುಮ್ನೆ ಕೂರುವುದು ಎಂದುಕೊಂಡರೆ ಪೂರ್ತಿ ತಪ್ಪು. ಪ್ರತಿ ಸಲ ಪರೀಕ್ಷೆಯಲ್ಲಿ ಯಾರಾದರೂ ಹಾಗೆ ಬರೆಯುತ್ತಾರೆ, ನನಗೆ ಬೇಜಾರಾಗುತ್ತದೆ. ಡಿಂಗ್‌ನ ಮುಂದಿನ ಮಾತು ಓದಿ. ನರ, ಮೂಳೆ ಗಂಟು ಕಟ್ಟಿದ ಕಡೆ ಬಂದಾಗ ಅವನು ಹುಷಾರಾಗುತ್ತಾನೆ. ಕಣ್ಣು ಅಲ್ಲೇ ನೆಡುತ್ತಾನೆ, ಕೈ ನಿಧಾನ ಮಾಡುತ್ತಾನೆ. ಚಾಕು ಒಂಚೂರು ಅಲ್ಲಾಡುತ್ತದೆ. ಮಾಂಸ ಮಣ್ಣಿನ ಹೆಂಟೆಯಂತೆ ಕಳಚಿ ಬೀಳುತ್ತದೆ! ಆ ಸಲೀಸಿನ ಹಿಂದೆ ವರ್ಷಗಟ್ಟಲೆ ಅಭ್ಯಾಸ ಇದೆ ಅಲ್ವಾ?

ಅದೇ ಗ್ರಂಥದ ಇನ್ನೊಂದು ಕಥೆ. ಆಮೆ, ಮೀನು ಕೂಡ ಈಜಲಾಗದ ಒಂದು ಜಲಪಾತ. ಅಲ್ಲಿ ಒಬ್ಬ ನೀರಿಗಿಳಿಯುತ್ತಾನೆ. ಸಾಯಲು ಹೊರಟಿದ್ದಾನೆ ಎಂದುಕೊಂಡು ಕನ್‌ಫ್ಯೂಶಿಯಸ್ ಅವನನ್ನು ಉಳಿಸಲು ತನ್ನ ಶಿಷ್ಯರನ್ನು ಕಳಿಸುತ್ತಾನೆ. ಅಷ್ಟರಲ್ಲಿ ಆ ಈಜುಗಾರ ಕೂದಲು ಕೆದರಿಕೊಂಡು, ಹಾಡುತ್ತಾ ದಡದಲ್ಲಿದ್ದಾನೆ. "ಸುಳಿಯ ಜೊತೆ ಒಳಗೆ ಹೋಗುತ್ತೇನೆ, ಉಬ್ಬಿನ ಜೊತೆ ಹೊರಗೆ ಬರುತ್ತೇನೆ. ನೀರಿನ ದಾರಿ ಹಿಡಿಯುತ್ತೇನೆ, ನನ್ನದು ಅಂತ ಹೇರುವುದಿಲ್ಲ."

ಇನ್ನು ಸಮತೋಲನ. ತಕ್ಕಡಿಯನ್ನು ಮರೆತುಬಿಡಿ, ಒಂದು ಗುಡ್ಡ ನೆನೆಸಿಕೊಳ್ಳಿ. ಯಿನ್ ಅಂದರೆ ಮೂಲದಲ್ಲಿ ಗುಡ್ಡದ ನೆರಳಿನ ಮಗ್ಗುಲು, ಯಾಂಗ್ ಅಂದರೆ ಬಿಸಿಲಿನ ಮಗ್ಗುಲು. ಗುಡ್ಡ ಒಂದೇ. ಹೊತ್ತು ಸರಿದಂತೆ ನೆರಳೂ ಸರಿಯುತ್ತದೆ.

ಕ್ರಿಸ್ತಪೂರ್ವ 2ನೇ ಶತಮಾನದ ಹುವಾಯ್‌ನಾನ್‌ಜಿ ಗ್ರಂಥದಲ್ಲಿ ಇದಕ್ಕೊಂದು ಕಥೆ ಇದೆ. ಗಡಿಯಲ್ಲಿರುವ ಒಬ್ಬ ಮುದುಕನ ಕುದುರೆ ಓಡಿಹೋಯಿತು. ಜನ ಮರುಗಿದರು. "ಇದೇ ಒಳ್ಳೆಯದಾಗಬಹುದು" ಎಂದ ಮುದುಕ. ಕುದುರೆ ಇನ್ನೊಂದು ಒಳ್ಳೇ ಕುದುರೆಯ ಜೊತೆ ಬಂತು. ಜನ ಹರಸಿದರು. "ಇದೇ ಕೆಟ್ಟದ್ದಾಗಬಹುದು" ಎಂದ. ಮಗ ಕುದುರೆಯಿಂದ ಬಿದ್ದು ಕಾಲು ಮುರಿದುಕೊಂಡ. ವರ್ಷದ ಮೇಲೆ ಯುದ್ಧ ಬಂತು. ಆ ಸೀಮೆಯ ಹತ್ತು ಜನರಲ್ಲಿ ಒಂಬತ್ತು ಜನ ಸತ್ತರು. ಕುಂಟನಾದ ಮಗ ಉಳಿದ.

ಮುಂದಿನ ತರಗತಿಗೆ ಒಂದು ಪುಟ ಬರೆದು ತನ್ನಿ: ಡಿಂಗ್ ಕೈಯಾಡಿಸುತ್ತಾನೆ, ಮುದುಕ ಏನೂ ಮಾಡುವುದಿಲ್ಲ. ಎರಡೂ ವೂ ವೇನಾ?