ಎರಡನೇ ದನಿ: 9ನೇ ತರಗತಿಗೆ ಒಂದು ಗಂಟೆಯ ಕಾರ್ಯಾಗಾರದ ಯೋಜನೆ

ಮೇಡಂ, ಬ್ಯಾಗ್ ಇಲ್ಲದ ಶನಿವಾರ 9 'ಬಿ'ಗೆ ನಾವಿಬ್ಬರೂ ಸೇರಿ ಮಾಡಬೇಕಾದ ಕಾರ್ಯಕ್ರಮದ ಪೂರ್ತಿ ಯೋಜನೆ ಇಲ್ಲಿದೆ. ಬೆಳಗ್ಗೆ 9ರಿಂದ 10. ಮಕ್ಕಳು 42. ಒಮ್ಮೆ ಓದಿ, ಎಲ್ಲಿ ಸರಿಹೋಗಲ್ಲ ಅನ್ನಿಸುತ್ತದೋ ಅಲ್ಲಿ ಗೀಟು ಹಾಕಿ ಕೊಡಿ.

ಹೆಡ್‌ಮಾಸ್ಟರ್ ಕೇಳಿದ್ದು 'ಸಹವಾಸದೋಷ'ದ ಬಗ್ಗೆ ಒಂದು ಭಾಷಣ. ಭಾಷಣ ಬೇಡ ಅಂತ ನಾನೇ ಹೇಳಿ ಒಪ್ಪಿಸಿದ್ದೇನೆ. ನಮ್ಮ ಮಕ್ಕಳಿಗೆ ಯಾವುದು ಸರಿ, ಯಾವುದು ತಪ್ಪು ಗೊತ್ತಿಲ್ಲ ಅಂತೇನಿಲ್ಲ. ಪರೀಕ್ಷೆಯಲ್ಲಿ ಕೇಳಿದರೆ ಐದಕ್ಕೆ ಐದು ತೆಗೆಯುತ್ತಾರೆ. ಗೊತ್ತಿದ್ದೂ ಬಾಯಿ ಬಿಡಲ್ಲ, ಅಷ್ಟೆ. ಬಿಡಲ್ಲ ಯಾಕೆಂದರೆ ಒಂಟಿಯಾಗುತ್ತೇವೆ ಅನ್ನೋ ಭಯ. 'ಊರಿಗೊಂದು ದಾರಿಯಾದ್ರೆ ಎಡವಟ್ಟನಿಗೇ ಒಂದು ದಾರಿ' ಅಂತ ನಾವೇ ಹೇಳಿ ಬೆಳೆಸಿದ್ದೇವೆ, ಅಲ್ವಾ? ಹಾಗಾಗಿ ಈ ಒಂದು ಗಂಟೆಯಲ್ಲಿ 'ಧೈರ್ಯವಾಗಿ ಮಾತಾಡಿ' ಅಂತ ಹೇಳುವುದಿಲ್ಲ. ಯಾರಾದರೂ ಮಾತಾಡಿದಾಗ ಅವರ ಪಕ್ಕ ನಿಲ್ಲುವುದು ಹೇಗೆ ಅಂತ ಅಭ್ಯಾಸ ಮಾಡಿಸುತ್ತೇವೆ. ಮೊದಲು ಬಾಯಿ ಬಿಡುವುದು ಎಲ್ಲರಿಗೂ ಆಗುವ ಕೆಲಸವಲ್ಲ. ಎರಡನೆಯವರಾಗುವುದು ಸುಮಾರು ಜನಕ್ಕೆ ಆಗುತ್ತದೆ.

ಮೊದಲೇ ಮಾಡಿಟ್ಟುಕೊಳ್ಳಬೇಕಾದದ್ದು

ಡೆಸ್ಕುಗಳನ್ನು ಶುಕ್ರವಾರ ಸಂಜೆಯೇ ಗೋಡೆಗೆ ಸರಿಸೋಣ. ಮಕ್ಕಳು ನೆಲದ ಮೇಲೆ ಏಳೇಳು ಜನರ ಆರು ಗುಂಪಾಗಿ ಕೂರಲಿ. ಗುಂಪು ನಾವೇ ಮಾಡಬೇಕು. ಅವರಿಗೆ ಬಿಟ್ಟರೆ ಒಂದೇ ಕೇರಿಯವರು, ಒಂದೇ ಬಸ್ಸಿನವರು ಒಟ್ಟಿಗೆ ಕೂತುಬಿಡುತ್ತಾರೆ. ಒಂದರಿಂದ ಆರರವರೆಗೆ ಎಣಿಸಿದರೆ ಮುಗಿಯಿತು.

ಒಂದು ಗಾಜಿನ ಬಾಟಲಿಯಲ್ಲಿ ಹುಣಸೆಬೀಜ ತುಂಬಿಟ್ಟಿದ್ದೇನೆ. ಎಣಿಸಿದ್ದೇನೆ, 318 ಇವೆ. ಯಾರಿಗೂ ಹೇಳಬೇಡಿ. ಕಡಲೆಚಿಕ್ಕಿ 45, ಐದು ರೂಪಾಯಿಯದು. ಹಳೇ ನೋಟ್‌ಬುಕ್ಕಿನ ಹಾಳೆ ಹರಿದು ನೂರು ಚೀಟಿ. ಮುಚ್ಚಳಕ್ಕೆ ಸೀಳು ಮಾಡಿದ ಒಂದು ಬೂಟಿನ ಡಬ್ಬಿ.

9:00 – ಶುರು

ಐದೇ ನಿಮಿಷ. ಮೂರು ಮಾತು ಹೇಳಿದರೆ ಸಾಕು. ಇವತ್ತು ಯಾರ ಹೆಸರನ್ನೂ ಎತ್ತುವ ಹಾಗಿಲ್ಲ. ಮಾತಾಡಲು ಇಷ್ಟವಿಲ್ಲದವರು 'ಮುಂದೆ' ಅಂದರೆ ಸಾಕು, ಕಾರಣ ಕೇಳುವುದಿಲ್ಲ. ಇಲ್ಲಿ ಆಡಿದ ಮಾತನ್ನು ಹೊರಗೆ ಹೇಳಿ ಯಾರನ್ನೂ ಗೇಲಿ ಮಾಡುವಂತಿಲ್ಲ. ಆದರೆ 'ಇಲ್ಲಿ ಹೇಳಿದ್ದು ಗುಟ್ಟಾಗಿಯೇ ಇರುತ್ತದೆ' ಅಂತ ನಾವು ಮಾತು ಕೊಡಬಾರದು. ಯಾಕೆ ಅಂತ ಕೊನೆಯಲ್ಲಿ ಬರೆದಿದ್ದೇನೆ.

9:05 – ಹುಣಸೆಬೀಜ

ಮೊದಲ ಮೂರು ಗುಂಪುಗಳಿಗೆ ಚೀಟಿ ಕೊಡಿ. ಬಾಟಲಿ ತೋರಿಸಿ, ಎಷ್ಟು ಬೀಜ ಇರಬಹುದು ಅಂತ ಯಾರಿಗೂ ತೋರಿಸದೆ ಬರೆಯಲಿ. ಉಳಿದ ಮೂರು ಗುಂಪಿನವರು ಒಬ್ಬೊಬ್ಬರಾಗಿ ಜೋರಾಗಿ ಹೇಳಬೇಕು. ಅವರಿಗಿಂತ ಮೊದಲು ನೀವು, ಗಣಿತದ ಮೇಡಂ, ಗಂಭೀರವಾಗಿ 'ನನ್ನ ಲೆಕ್ಕದಲ್ಲಿ ಒಂದು 700' ಅನ್ನಬೇಕು. ನಗಬಾರದು. ಎರಡೂ ಕಡೆಯ ಸಂಖ್ಯೆಗಳನ್ನು ನಾನು ಬೋರ್ಡಿನ ಮೇಲೆ ಎರಡು ಸಾಲಾಗಿ ಬರೆಯುತ್ತೇನೆ.

ಚೀಟಿಯ ಸಾಲು ಚೆಲ್ಲಾಪಿಲ್ಲಿಯಾಗಿರುತ್ತದೆ. ಬಾಯಲ್ಲಿ ಹೇಳಿದ ಸಾಲು 700ರ ಸುತ್ತ ಗುಂಪುಗೂಡಿರುತ್ತದೆ ಅನ್ನುವುದು ನನ್ನ ನಂಬಿಕೆ. ಹಾಗಾಗದಿದ್ದರೂ ನಷ್ಟವಿಲ್ಲ. 'ಮೇಡಂ ಹೇಳಿದರೂ ನೀನು ಒಪ್ಪಲಿಲ್ಲವಲ್ಲ, ಹೇಗೆ?' ಅಂತ ಕೇಳಿದರೆ ಅದೇ ಒಳ್ಳೆಯ ಮಾತುಕತೆ. ಒಬ್ಬ ಹುಡುಗನನ್ನು ಮುಂದೆ ನಿಲ್ಲಿಸಿ ಎಲ್ಲರೂ ಸೇರಿ ಬೇಸ್ತು ಬೀಳಿಸುವ ಆಟವನ್ನು ಬೇಕೆಂದೇ ಬಿಟ್ಟಿದ್ದೇನೆ. ಅವನಿಗೆ ಆಗುವ ಅವಮಾನ ನಮ್ಮ ಪಾಠಕ್ಕಿಂತ ಜಾಸ್ತಿ ದಿನ ನೆನಪಿರುತ್ತದೆ.

ಆಮೇಲೆ ಸಾಲೊಮನ್ ಆಶ್ ಅವರ ಪ್ರಯೋಗದ ಕಥೆಯನ್ನು ನಾನು ಹೇಳುತ್ತೇನೆ. ಅಮೆರಿಕ, 1951ರ ಹೊತ್ತು. ಕಾಲೇಜು ಹುಡುಗರಿಗೆ ಗೆರೆಗಳನ್ನು ತೋರಿಸಿ ಯಾವುದು ಯಾವುದಕ್ಕೆ ಸಮ ಅಂತ ಕೇಳಿದರು. ಮಗುವೂ ಹೇಳಬಹುದಾದ ಉತ್ತರ. ಆದರೆ ಜೊತೆಗೆ ಕೂತವರೆಲ್ಲ ಮೊದಲೇ ಮಾತಾಡಿಕೊಂಡು ಬೇಕೆಂದೇ ತಪ್ಪು ಹೇಳುತ್ತಿದ್ದರು. ನಾಲ್ವರಲ್ಲಿ ಸುಮಾರು ಮೂವರು ಒಮ್ಮೆಯಾದರೂ ಆ ತಪ್ಪಿಗೇ ತಲೆಯಾಡಿಸಿದರು. ಇಲ್ಲಿಗೇ ಕಥೆ ನಿಲ್ಲಿಸಿದರೆ ಮಕ್ಕಳಿಗೆ ಬೇಜಾರಷ್ಟೇ ಉಳಿಯುತ್ತದೆ. ಮುಂದಿನದು ಮುಖ್ಯ. ಗುಂಪಿನಲ್ಲಿ ಸರಿ ಉತ್ತರ ಹೇಳುವವನು ಒಬ್ಬನೇ ಒಬ್ಬ ಇದ್ದರೂ, ತಪ್ಪಿಗೆ ತಲೆಯಾಡಿಸುವುದು ಹೆಚ್ಚುಕಡಿಮೆ ಕಾಲುಭಾಗಕ್ಕೆ ಇಳಿಯಿತು. ಒಬ್ಬನೇ ಒಬ್ಬ. ಇದನ್ನು ಎರಡು ಸಲ ಹೇಳಬೇಕು.

9:15 – ಚಿಕ್ಕಿ

ಯಾವ ವಿವರಣೆಯೂ ಇಲ್ಲದೆ ನೀವು ಚಿಕ್ಕಿ ಹಂಚಿ. ನಾಲ್ಕು ಗುಂಪಿಗೆ ಏಳೇಳು. ಐದನೆಯದಕ್ಕೆ ಹತ್ತು. ಆರನೆಯದಕ್ಕೆ ನಾಲ್ಕು. ಒಟ್ಟು 42, ಅಂದರೆ ಎಲ್ಲರಿಗೂ ಸಾಕಾಗುವಷ್ಟೇ ಇದೆ. ಉಳಿದ ಮೂರು ನಿಮ್ಮ ಹತ್ತಿರವೇ ಇರಲಿ. ಹಂಚಿ ಸುಮ್ನೆ ನಿಂತುಬಿಡಿ. ಎರಡು ನಿಮಿಷ ಏನೂ ಮಾತಾಡಬೇಡಿ. ತಿನ್ನಬೇಡಿ ಅಂತ ಮಾತ್ರ ಹೇಳಿ.

ಕಡಿಮೆ ಬಂದವರು ಕೂಗುತ್ತಾರೆ, ಅದು ಸಹಜ. ಕೋತಿಗಳೂ ಕೂಗುತ್ತವೆ. ಪಕ್ಕದ ಕೋತಿಗೆ ದ್ರಾಕ್ಷಿ ಕೊಟ್ಟು ತನಗೆ ಸೌತೆಕಾಯಿ ಕೊಟ್ಟರೆ ಕ್ಯಾಪುಚಿನ್ ಕೋತಿ ಸೌತೆಕಾಯಿಯನ್ನು ಬೇಡ ಅನ್ನುತ್ತದೆ ಅಂತ 2003ರಲ್ಲಿ ಸಾರಾ ಬ್ರಾಸ್ನನ್ ಮತ್ತು ಫ್ರಾನ್ಸ್ ಡಿ ವಾಲ್ ತೋರಿಸಿಕೊಟ್ಟರು. ಮಕ್ಕಳು ಇದಕ್ಕೆ ಚೆನ್ನಾಗಿ ನಗುತ್ತಾರೆ, ಹೇಳಿ. ಆದರೆ ನೀವು ನೋಡಬೇಕಾದದ್ದು ಹತ್ತು ಬಂದ ಗುಂಪನ್ನು. ಮತ್ತೆ ಏಳು ಬಂದ ನಾಲ್ಕು ಗುಂಪನ್ನು. ಅವರಿಗೆ ನಷ್ಟವೂ ಇಲ್ಲ, ಲಾಭವೂ ಇಲ್ಲ. ಬಾಯಿ ತೆರೆದವರು ಯಾರು?

ಕೇಳಬೇಕಾದ ಪ್ರಶ್ನೆಗಳು ಇಷ್ಟೇ. 'ಹತ್ತು ಬಂದಾಗ ಏನನ್ನಿಸಿತು?' 'ನಮಗೆ ಸರಿಯಾಗಿ ಬಂತಲ್ಲ ಅಂತ ಸುಮ್ಮನಿದ್ದವರು ಯಾರು?' 'ಎಲ್ಲರಿಗೂ ಒಂದೇ ಕೊಡುವುದು ಯಾವಾಗಲೂ ನ್ಯಾಯವಾ?' ಮೂರನೆಯದಕ್ಕೆ ಸುಲಭದ ಉದಾಹರಣೆ ಮನೆಯಲ್ಲೇ ಇದೆ. ಜ್ವರ ಬಂದ ತಮ್ಮನಿಗೆ ಅಮ್ಮ ಜಾಸ್ತಿ ಹೊತ್ತು ಕೊಟ್ಟರೆ ಅದು ಅನ್ಯಾಯವಲ್ಲ. ಹಬ್ಬದ ದಿನ ಅವನಿಗೊಬ್ಬನಿಗೇ ಹೊಸ ಬಟ್ಟೆ ತಂದರೆ ಅದು ಬೇರೆ. ಮಾತು ಮುಗಿದ ಮೇಲೆ ಐದನೇ ಗುಂಪಿನವರೇ ಎದ್ದು ಮೂರು ಚಿಕ್ಕಿ ಕೊಟ್ಟು ಬರಲಿ. ಕೊಡಲಿಲ್ಲ ಅಂದರೆ ಬಯ್ಯಬೇಡಿ. ನಿಮ್ಮಲ್ಲಿರುವ ಮೂರು ಕೊಟ್ಟುಬಿಡಿ.

9:25 – ಜೆರ್ಸಿ (ಇದೇ ಮುಖ್ಯ ಭಾಗ, ಇಪ್ಪತ್ತು ನಿಮಿಷ)

ಸನ್ನಿವೇಶ ಹೀಗಿದೆ. ಶಾಲೆಯ ಕಬಡ್ಡಿ ಟೀಮು ತಾಲ್ಲೂಕು ಮಟ್ಟಕ್ಕೆ ಹೋಗಬೇಕು. ಎಲ್ಲರೂ 350 ರೂಪಾಯಿ ಹಾಕಿ ಜೆರ್ಸಿ ಹೊಲಿಸೋಣ ಅಂತ ಕ್ಯಾಪ್ಟನ್ ಹೇಳುತ್ತಾನೆ. 'ಜೆರ್ಸಿ ಇಲ್ಲದವರು ಟೀಮಲ್ಲಿಲ್ಲ.' ಮುರಳಿ ಒಳ್ಳೆಯ ರೈಡರ್. ಮನೆಯಲ್ಲಿ ಅಷ್ಟು ದುಡ್ಡಿಲ್ಲ. ಅವನು ತಲೆ ತಗ್ಗಿಸುತ್ತಾನೆ. ಎಲ್ಲರಿಗೂ ವಿಷಯ ಗೊತ್ತು. (ಹಾಜರಿ ಪುಸ್ತಕ ನೋಡಿದ್ದೇನೆ, 9 'ಬಿ'ಯಲ್ಲಿ ಮುರಳಿ ಇಲ್ಲ.) ಮುರಳಿಯ ಪಾತ್ರ ನಾನೇ ಮಾಡುತ್ತೇನೆ. ಮಕ್ಕಳಲ್ಲಿ ನಿಜಕ್ಕೂ ದುಡ್ಡಿನ ಕಷ್ಟ ಇರುವವರಿದ್ದಾರೆ, ಆ ಪಾತ್ರ ಅವರ ತಲೆಗೆ ಬರಬಾರದು. ಕ್ಯಾಪ್ಟನ್ ಆಗಲು ಹುಡುಗರು ತಾವಾಗಿಯೇ ಮುಂದೆ ಬರುತ್ತಾರೆ, ಚಿಂತೆಯಿಲ್ಲ.

ಮೂರು ಸಲ ಆಡಿಸೋಣ.

ಮೊದಲ ಸಲ ಯಾರೂ ಮಾತಾಡುವಂತಿಲ್ಲ. ಕ್ಯಾಪ್ಟನ್ ಹೇಳುತ್ತಾನೆ, ಎಲ್ಲರೂ 'ಹೂಂ' ಅನ್ನುತ್ತಾರೆ, ಮುರಳಿ ಎದ್ದು ಹೋಗುತ್ತಾನೆ. ಅಲ್ಲಿಗೇ ನಿಲ್ಲಿಸಿ 'ಹೂಂ ಅಂದಾಗ ಒಳಗೆ ಏನಾಯಿತು?' ಅಂತ ಕೇಳಿ.

ಎರಡನೇ ಸಲ ಒಬ್ಬರು ಮಾತ್ರ ಮಾತಾಡಬಹುದು. ಕ್ಯಾಪ್ಟನ್ ಅವರನ್ನು ಹಂಗಿಸಲಿ: 'ಓಹೋ, ದೊಡ್ಡ ಲಾಯರ್ ಬಂದ್ಬಿಟ್ಟ!' ಉಳಿದವರು ಸುಮ್ಮನಿರಲಿ. ಮಾತಾಡಿದವರ ಮುಖ ಎಲ್ಲರೂ ನೋಡಲಿ. ಈ ಮೌನ ಬೇಕು, ಅವಸರದಲ್ಲಿ ತುಂಬಬೇಡಿ.

ಮೂರನೇ ಸಲ ಒಬ್ಬರು ಮಾತಾಡಿದ ಕೂಡಲೇ ಇನ್ನೊಬ್ಬರು ಒಂದೇ ಒಂದು ವಾಕ್ಯ ಸೇರಿಸಬೇಕು. ಉಪದೇಶ ಬೇಡ, ಬೈಗುಳ ಬೇಡ, ಚಿಕ್ಕ ಮಾತು. ಮಕ್ಕಳಿಗೆ ಹೊಳೆಯದಿದ್ದರೆ ಇವನ್ನು ಬೋರ್ಡಿನ ಮೇಲೆ ಬರೆಯಿರಿ:

'ನಂಗೂ ಹಂಗೇ ಅನ್ನಿಸ್ತು.'
'ಅವಳು ಹೇಳೋದು ಪೂರ್ತಿ ಕೇಳೋಣ ಕಣೋ.'
'ಜೆರ್ಸಿ ಇಲ್ದೆ ಆಡಿದ್ರೆ ಏನಾಗುತ್ತೆ? ಪಿ.ಟಿ. ಸಾರ್‌ನ ಕೇಳೋಣ.'
'ಬಾರೋ ಮುರಳಿ, ಇಲ್ಲೇ ಕೂತ್ಕೋ.'

ಕೊನೆಯದು ನನಗೆ ತುಂಬಾ ಇಷ್ಟ. ಅದರಲ್ಲಿ ವಾದವೇ ಇಲ್ಲ. ಹುಡುಗ ಒಂಟಿಯಾಗಲಿಲ್ಲ, ಅಷ್ಟೆ. ಮೂರನೇ ಸಲ ಪ್ರತಿ ಗುಂಪೂ ಒಂದೊಂದು ಬಾರಿ ಆಡಲಿ, ಬಾಯಲ್ಲಿ ಹೇಳಿಯೇ ಅಭ್ಯಾಸವಾಗಲಿ. ಕ್ಯಾಪ್ಟನ್‌ನನ್ನು ವಿಲನ್ ಮಾಡಬೇಡಿ. ಅವನಿಗೂ ಬೇರೆ ಶಾಲೆಯವರ ಮುಂದೆ ಮಾನ ಹೋಗುತ್ತದೆ ಅನ್ನುವ ಭಯ ಇರಬಹುದು. ಅದನ್ನೂ ಕೇಳಿ.

ಸಮಯ ಉಳಿದರೆ ಎರಡನೇ ಸನ್ನಿವೇಶ: ಒಬ್ಬ ಹುಡುಗಿಯ ಫೋಟೋ ಎಡಿಟ್ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕಿದ್ದಾರೆ. 'ಫಾರ್ವರ್ಡ್ ಮಾಡು, ಇಲ್ಲಾಂದ್ರೆ ಗ್ರೂಪಿಂದ ತೆಗೀತೀವಿ.' ಇದನ್ನು ಆಡಿಸಬೇಡಿ, ಬರೀ ಮಾತಾಡಿ. ಉಳಿಯದಿದ್ದರೆ ಬಿಡಿ.

9:45 – ಚಾಡಿ ಅಂದರೆ ಏನು?

ನಮ್ಮ ಮಕ್ಕಳ ಬಾಯಿ ಕಟ್ಟಿರುವ ಪದ ಇದೇ. ಟೀಚರ್‌ಗೆ ಹೇಳಿದ ಕೂಡಲೇ 'ಚಾಡಿಕೋರ' ಅನ್ನಿಸಿಕೊಳ್ಳಬೇಕು. ಅದಕ್ಕೆ ಒಂದು ಪ್ರಶ್ನೆ ಕೊಡೋಣ: ನೀನು ಹೇಳುತ್ತಿರುವುದು ಒಬ್ಬನನ್ನು ಸಿಕ್ಕಿಹಾಕಿಸುವುದಕ್ಕಾ, ಒಬ್ಬನನ್ನು ಬಿಡಿಸುವುದಕ್ಕಾ? ನಾನು ಐದು ಉದಾಹರಣೆ ಓದುತ್ತೇನೆ, ಮಕ್ಕಳು ಆ ಗೋಡೆಗೋ ಈ ಗೋಡೆಗೋ ಹೋಗಿ ನಿಲ್ಲಲಿ. ಹೋಮ್‌ವರ್ಕ್ ಕಾಪಿ ಹೊಡೆದದ್ದು. ಬಿಸಿಯೂಟದ ಸಾಲಿನಲ್ಲಿ ಒಬ್ಬಳನ್ನು ದಿನಾ ಹಿಂದಕ್ಕೆ ತಳ್ಳುವುದು. ಯಾರೋ ಗುಟ್ಕಾ ತಂದದ್ದು. ಕ್ಲಾಸಲ್ಲಿ ನಿದ್ದೆ ಮಾಡಿದ್ದು. ಒಬ್ಬನ ಊಟದ ತಟ್ಟೆ ಮುಟ್ಟಬೇಡಿ ಅಂದದ್ದು. ಗುಟ್ಕಾ ವಿಷಯದಲ್ಲಿ ಜಗಳ ಆಗುತ್ತದೆ, ಆಗಲಿ. ಆದರೆ ಕೊನೆಯದರಲ್ಲಿ ಮಾತು ಅಡ್ಡದಾರಿ ಹಿಡಿದರೆ ಬಿಡಬೇಡಿ. ಅದು ಅಭಿಪ್ರಾಯದ ಪ್ರಶ್ನೆಯಲ್ಲ, ಅಸ್ಪೃಶ್ಯತೆ ಕಾನೂನಿನ ಪ್ರಕಾರ ಅಪರಾಧ ಅಂತ ನೇರವಾಗಿ ಹೇಳಬೇಕು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡೋಣ. ಎಲ್ಲ ಕಡೆ ಅಲ್ಲೇ ನಿಂತು ಎದುರು ಮಾತಾಡಬೇಕಿಲ್ಲ. ದೊಡ್ಡ ಹುಡುಗರು ಹೊಡೆಯುವ ಹಾಗಿದ್ದರೆ ಮೊದಲು ಅಲ್ಲಿಂದ ಹೊರಡಬೇಕು, ಆಮೇಲೆ ದೊಡ್ಡವರಿಗೆ ಹೇಳಬೇಕು. 1098 ಮಕ್ಕಳ ಸಹಾಯವಾಣಿ, ದುಡ್ಡಿಲ್ಲದೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಹತ್ತು, ಒಂಬತ್ತು, ಎಂಟು ಅಂತ ಮೂರು ಸಲ ಎಲ್ಲರಿಂದ ಹೇಳಿಸಿ.

'ಟೀಚರ್ರೇ ಅನ್ಯಾಯ ಮಾಡಿದ್ರೆ?' ಅಂತ ಒಬ್ಬರಾದರೂ ಕೇಳುತ್ತಾರೆ. ಕೇಳಬೇಕು ಕೂಡ. ಹೋದ ವರ್ಷ ಒಬ್ಬಳು 'ಕಸ ಗುಡಿಸೋಕೆ ಯಾವಾಗಲೂ ಹುಡುಗೀರೇ ಯಾಕೆ ಸಾರ್?' ಅಂದಾಗ ನಾನು 'ಜಾಸ್ತಿ ಮಾತಾಡ್ಬೇಡ, ಕೂತ್ಕೋ' ಅಂದಿದ್ದೆ. ವಾರ ಕಳೆದು ಪಟ್ಟಿ ಬದಲಾಯಿಸಿದೆ. ಅವಳಿಗೆ ಒಂದು ಮಾತು ಹೇಳಬೇಕಿತ್ತು, ಹೇಳಲಿಲ್ಲ. ಈ ಕಥೆಯನ್ನು ಅಲ್ಲಿ ನಾನೇ ಹೇಳುತ್ತೇನೆ. ಜೊತೆಗೆ, ಮಕ್ಕಳಿಗೆ ಹೊಡೆಯುವುದನ್ನೂ ಮಾನಸಿಕ ಹಿಂಸೆ ಕೊಡುವುದನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ ಅಂತಲೂ ಹೇಳೋಣ. ಸ್ಟಾಫ್ ರೂಮಿನಲ್ಲಿ ಯಾರಾದರೂ ಗೊಣಗಿದರೆ ನನ್ನ ಹತ್ತಿರ ಕಳಿಸಿ.

9:55 – ಚೀಟಿ

ಹೆಸರು ಬರೆಯದೆ ಎರಡು ಸಾಲು: ನಾನು ಸುಮ್ಮನಿದ್ದ ಒಂದು ಸಲ. ಈಗಾದರೆ ಏನು ಹೇಳುತ್ತಿದ್ದೆ. ನಮ್ಮ ಜೊತೆ ಮಾತಾಡಬೇಕು ಅನ್ನುವವರು ಮಾತ್ರ ಹೆಸರು ಬರೆಯಲಿ. ಎಲ್ಲರೂ ಚೀಟಿ ಹಾಕಲೇಬೇಕು, ಖಾಲಿಯಾದರೂ ಸರಿ. ಇಲ್ಲದಿದ್ದರೆ ಬರೆದವರು ಯಾರು ಅಂತ ಗೊತ್ತಾಗಿಬಿಡುತ್ತದೆ.

ಆಮೇಲೆ, ನಾವಿಬ್ಬರೇ

ಚೀಟಿಗಳನ್ನು ಅವತ್ತೇ ಓದಬೇಕು. ಸೋಮವಾರಕ್ಕೆ ಅಂತ ಇಡಬಾರದು. ಯಾರಾದರೂ ಲೈಂಗಿಕ ಕಿರುಕುಳದ ಸುಳಿವು ಕೊಟ್ಟಿದ್ದರೆ, ಅಥವಾ ಕಾರ್ಯಾಗಾರದ ನಡುವೆಯೇ ಬಾಯಿಬಿಟ್ಟರೆ, ಕ್ಲಾಸಿನಲ್ಲಿ ವಿವರ ಕೇಳಬೇಡಿ. 'ಹೇಳಿದ್ದು ಒಳ್ಳೆಯದಾಯಿತು, ಆಮೇಲೆ ನಾವಿಬ್ಬರೂ ಕೂತು ಮಾತಾಡೋಣ' ಅನ್ನಿ. 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಗೊತ್ತಾದ ಮೇಲೆ ವರದಿ ಮಾಡಲೇಬೇಕು, ಮುಚ್ಚಿಟ್ಟರೆ ನಾವೇ ತಪ್ಪಿತಸ್ಥರು. ಗುಟ್ಟಿನ ಮಾತು ಕೊಡಬೇಡಿ ಅಂದದ್ದು ಅದಕ್ಕೇ.

ಎರಡು ವಾರ ಬಿಟ್ಟು ನನ್ನ ಸಮಾಜ ವಿಜ್ಞಾನದ ಪೀರಿಯಡ್‌ನಲ್ಲಿ ಹತ್ತು ನಿಮಿಷ ತೆಗೆದುಕೊಂಡು 'ಯಾರಿಗಾದರೂ ಎರಡನೇ ದನಿಯಾದಿರಾ?' ಅಂತ ಕೇಳುತ್ತೇನೆ. ಆ ಹೊತ್ತಿಗೆ ನಿಮಗೆ ಬಿಡುವಿದ್ದರೆ ಬನ್ನಿ. ಹೆಡ್‌ಮಾಸ್ಟರ್ ಶನಿವಾರ ಕೊನೆಯಲ್ಲಿ ಎರಡು ಮಾತಾಡುತ್ತೇನೆ ಅಂದಿದ್ದಾರೆ. ಅವರ ಎರಡು ಮಾತು ಎಷ್ಟು ಹೊತ್ತಾಗುತ್ತದೆ ನಿಮಗೂ ಗೊತ್ತು. ದಯವಿಟ್ಟು ಅವರನ್ನು 9 ಗಂಟೆಗೇ ಕರೆದು ಆರನೇ ಗುಂಪಿನಲ್ಲಿ ನೆಲದ ಮೇಲೆ ಕೂರಿಸಿ.